ನನ್ನ ನೇಟಿವ್ ಪ್ಲೇಸ್ ನಿಮ್ಮ ದೇಶ

ಏಳನೇ ಕ್ಲಾಸಿನ ಮಕ್ಕಳೆಲ್ಲರಿಗೂ ಒಂದೇ ರಾತ್ರಿಯಲ್ಲಿ ಹೂತೋಟದ ಹವ್ಯಾಸ ಹುಟ್ಟಿಕೊಂಡಿತ್ತು.

"ಇದೆಂತ ಮಾರಾಯ್ರೆ?" ಕಲೈವಾಣಿ ಮಕ್ಕಳ ಪತ್ರಗಳ ಕಟ್ಟನ್ನು ಹರ್ಷಿತ್‌ನ ಮುಂದೆ ಹಿಡಿದಳು. "ಎಲ್ಲರ ಹಾಬಿಯೂ ಗಾರ್ಡನಿಂಗ್. ಎಲ್ಲರ ಅಪ್ಪನೂ ಫಾರ್ಮರ್. ಬಸ್ ಡ್ರೈವರನ ಮಗನಿಗೂ ಅಪ್ಪ ಫಾರ್ಮರೇ. ನಿಮ್ಮ ಮಕ್ಕಳೆಲ್ಲ ಒಂದೇ ಮನೆಯವರಾ?"

"ಗೈಡಿನಿಂದ ಬರೆದದ್ದು," ಇಂಗ್ಲಿಷ್ ಮಾಸ್ತರ ಹರ್ಷಿತ್ ತಲೆ ಕೆರೆದುಕೊಂಡ. "ನೀವು ಹೀಗೆ ನಗುದಾದರೆ ನಾನು ದಿನಾ ಗೈಡ್ ಕೊಡ್ತೇನೆ."

ಅವಳು ನಗುವುದನ್ನು ನಿಲ್ಲಿಸಲು ನೋಡಿದಳು. ಆಗಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಸ್ಟಾಫ್ ರೂಮಿಗೆ ಯಾರೋ ಬಂದರೆಂದು ಸುಳ್ಳೇ ಕೆಮ್ಮಿ, ಕಣ್ಣನ್ನು ಕಿಟಕಿಗೆ ತಿರುಗಿಸಿದ. ಅವನ ಕಿವಿ ಕೆಂಪಾದದ್ದು ಮಾತ್ರ ಅಲ್ಲೇ ಉಳಿಯಿತು.

ಬೆಳ್ಳಾರೆ ಹತ್ತಿರದ ಆ ಸರ್ಕಾರಿ ಶಾಲೆಯಲ್ಲಿ ಅವನು ಕಾಯಂ, ಅವಳು ಅತಿಥಿ ಶಿಕ್ಷಕಿ. ಅತಿಥಿ ಎಂಬ ಶಬ್ದಕ್ಕೆ ಸರ್ಕಾರ ಕೊಟ್ಟಿರುವ ಅರ್ಥ ಇದು: ಬೇಸಿಗೆಯಲ್ಲಿ ಹೊರಡು ಎನ್ನುವುದು, ಜೂನಿನಲ್ಲಿ ಬೇಕಾದರೆ ಕರೆಯುವುದು, ನಡುವೆ ಸಂಬಳ ಕೇಳಿದರೆ ಬಿಲ್ ಪಾಸಾಗಿಲ್ಲ ಎನ್ನುವುದು. ಹೀಗೆ ಕರೆಸಿಕೊಂಡು ಬಂದವಳ ಮೇಲೆ ಅವನಿಗೆ ಪ್ರೀತಿ ಹುಟ್ಟಿತ್ತು. ಸಂಜೆ ಸುಳ್ಯದ ಬಸ್ಸಿಗೆ ಅವಳು ಕಾಯುವಾಗ ತನ್ನ ಬೈಕ್ ಕೆಟ್ಟಿದೆ ಎಂದು ಅವನೂ ಕಾಯುತ್ತಿದ್ದ. ಬೈಕ್ ಆ ವರ್ಷ ಬಹಳ ಕೆಟ್ಟಿತು.

ಶ್ರೀಲಂಕಾದ ಒಂದು ಶಾಲೆಯೊಂದಿಗೆ ಪತ್ರಮೈತ್ರಿ ಏರ್ಪಾಡಾಗಿತ್ತು. ಅಲ್ಲಿಯ ಟೀಚರ್ ಮಕ್ಕಳ ಹೆಸರು, ವಯಸ್ಸು, ಇಷ್ಟಗಳನ್ನು ಮೇಲ್ ಮಾಡಿದ್ದರು. ಹರ್ಷಿತ್ ಮತ್ತು ಕಲೈವಾಣಿ ಮೇಜಿನ ಮೇಲೆ ಚೀಟಿ ಹರಡಿಕೊಂಡು ಜೋಡಿ ಮಾಡಿದ್ದರು. ಕ್ರಿಕೆಟಿನವನಿಗೆ ಕ್ರಿಕೆಟಿನವನು, ಹಾಡುವವಳಿಗೆ ಹಾಡುವವಳು. ಚೀಟಿ ತೆಗೆಯುವಾಗ ಎರಡು ಕೈ ತಾಗಿದರೆ ಎರಡೂ ಹಿಂದೆ ಸರಿಯುತ್ತಿದ್ದವು. ಆಮೇಲೆ ಮತ್ತೆ ಅದೇ ಚೀಟಿ ಬೇಕಾಗುತ್ತಿತ್ತು.

ಮಾರನೆಯ ದಿನ ಇಬ್ಬರೂ ಒಟ್ಟಿಗೆ ಕ್ಲಾಸಿಗೆ ಹೋದರು.

"ಗೈಡ್ ಒಳಗಿಡಿ," ಹರ್ಷಿತ್ ಹೇಳಿದ. "ನಿಮ್ಮ ಪತ್ರ ಓದುವ ಮಗುವಿಗೂ ಇಂಗ್ಲಿಷ್ ಮನೆಭಾಷೆ ಅಲ್ಲ. ವಾಕ್ಯ ಸಣ್ಣದಿರಲಿ, ಅಕ್ಷರ ಬಿಡಿಬಿಡಿ ಇರಲಿ. ತಿಂಗಳನ್ನು ಅಂಕೆಯಲ್ಲಿ ಬೇಡ, ಹೆಸರಿನಲ್ಲೇ ಬರೆಯಿರಿ. ಹೆಸರು, ವಯಸ್ಸು, ಕ್ಲಾಸ್, ಮನೆಯವರು, ಊರು, ಇಷ್ಟ. ಮನೆ ವಿಳಾಸ ಬೇಡ, ಫೋನ್ ನಂಬರ್ ಬೇಡ. ಉತ್ತರ ಶಾಲೆಯ ವಿಳಾಸಕ್ಕೇ ಬರುದು. ಕವರ್ ಅಂಟಿಸಬೇಡಿ, ನಾವು ಓದಿ ಒಟ್ಟಿಗೆ ಕಳಿಸುದು."

"ಗಿಫ್ಟ್ ಕೇಳುಹಾಗಿಲ್ಲ," ಎಂದಳು ಕಲೈವಾಣಿ. "ಕೊಡ್ತೇನೆ ಅಂತ ಮಾತು ಕೊಡುಹಾಗೂ ಇಲ್ಲ. ನಿಮ್ಮ ಬಗ್ಗೆಯೇ ಹೇಳಿ ಮುಗಿಸಬೇಡಿ, ಅವರನ್ನೂ ಕೇಳಿ. ‘ನಿನಗೆ ಶಾಲೆ ಇಷ್ಟವಾ’ ಅಂತ ಕೇಳಿದರೆ ಹೌದು ಅಂತ ಬರೆದು ಬಿಡ್ತಾರೆ. ‘ಶಾಲೆ ಬಿಟ್ಟ ಮೇಲೆ ಎಂತ ಮಾಡ್ತೀ’ ಅಂತ ಕೇಳಿ. ಮತ್ತೆ ‘ನೀರುದೋಸೆ’ ಅಂತ ಬರೆದರೆ ಅವರಿಗೆಂತ ಗೊತ್ತಾಗ್ತದೆ? ಅಕ್ಕಿ ಕಡೆದು ತೆಳ್ಳಗೆ ಹೊಯ್ಯುದು ಅಂತಲೂ ಬರೀಬೇಕು."

"ಟೀಚರ್, ರಬ್ಬರ್ ಬೀಜ ಹಾಕಿ ಕಳಿಸಬಹುದಾ? ಒಳ್ಳೆ ಚುಕ್ಕೆ ಚುಕ್ಕೆ ಉಂಟು," ಎಂದಳು ತೃಷಾ.

"ಬೀಜ, ಎಲೆ, ಗರಿ, ನಾಣ್ಯ ಯಾವುದೂ ಹಾಕುಹಾಗಿಲ್ಲ. ಗಡಿ ದಾಟಿಸಲಿಕ್ಕೆ ಬಿಡುದಿಲ್ಲ."

ಹರ್ಷಿತ್ ಬೋರ್ಡಿನ ಮೇಲೆ ‘ಮೈ ನೇಟಿವ್ ಪ್ಲೇಸ್’ ಎಂದು ಬರೆದ. ತೃಷಾ ಮತ್ತೆ ಕೈ ಎತ್ತಿದಳು.

"ಸರ್, ನೇಟಿವ್ ಪ್ಲೇಸ್ ಅಂದರೆ ನಾನು ಹುಟ್ಟಿದ್ದಾ, ಅಜ್ಜಂದಿರದ್ದಾ?"

"ಅಜ್ಜಂದಿರ ಊರು. ಮೂಲ ಊರು."

"ಅವಳದ್ದು ಸಿಲೋನ್, ಸರ್!" ಹಿಂದಿನ ಬೆಂಚಿನಿಂದ ಕೂಗು ಬಂತು. ಕ್ಲಾಸು ನಕ್ಕಿತು. ಬೋರ್ಡಿನ ಇನ್ನೊಂದು ಬದಿ ಒರೆಸುತ್ತಿದ್ದ ಕಲೈವಾಣಿಯ ಕೈ ಒಂದು ಕ್ಷಣ ನಿಂತು ಮತ್ತೆ ಚಲಿಸಿತು. ಆ ಕೂಗು ಅವಳಿಗೆ ಹೊಸದಲ್ಲ. ಅವಳೂ ತೃಷಾಳಂತೆ ರಬ್ಬರ್ ತೋಟದ ಕ್ವಾರ್ಟರ್ಸಿನವಳು, ಅವಳೂ ಅದೇ ಬೆಂಚುಗಳ ನಡುವೆ ಬೆಳೆದವಳು.

ಸಂಜೆ ತೃಷಾಳ ಪತ್ರ ಸ್ಟಾಫ್ ರೂಮಿಗೆ ಬಂತು. ಇಂಗ್ಲಿಷ್ ಒಡ್ಡೊಡ್ಡಾಗಿತ್ತು. ವಿಷಯ ಮಾತ್ರ ಸ್ಪಷ್ಟ:

‘ಪ್ರೀತಿಯ ನದೀಶಾ, ನಾನು ತೃಷಾ. ನನಗೆ ಹನ್ನೆರಡು ವರ್ಷ. ಕಬಡ್ಡಿಯಲ್ಲಿ ನಾನು ರೈಡರ್. ಅಮ್ಮ ರಬ್ಬರ್ ಮರದಿಂದ ಹಾಲು ತೆಗೆಯುತ್ತಾರೆ. ಅದು ಕುಡಿಯುವ ಹಾಲಲ್ಲ, ಅದರಿಂದ ಟಯರ್ ಆಗುತ್ತದೆ. ನನ್ನ ನೇಟಿವ್ ಪ್ಲೇಸ್ ನಿಮ್ಮ ದೇಶ. ನನ್ನ ಮುತ್ತಜ್ಜ ಅಲ್ಲಿ ಟೀ ಗಿಡ ಕತ್ತರಿಸುತ್ತಿದ್ದರು. ಒಂದು ದಿವಸ ಎರಡು ಸರ್ಕಾರದವರು ಜನರನ್ನು ಲೆಕ್ಕ ಮಾಡಿ ನಮ್ಮನ್ನು ಹಡಗಿನಲ್ಲಿ ಕಳಿಸಿದರು. ಇಲ್ಲಿ ನಮ್ಮನ್ನು ಸಿಲೋನಿನವರು ಎನ್ನುತ್ತಾರೆ. ಅಲ್ಲಿ ಉಳಿದ ನಮ್ಮವರನ್ನು ನೀವು ಇಂಡಿಯಾದವರು ಎನ್ನುತ್ತೀರಂತೆ, ಹೌದಾ? ಶಾಲೆ ಬಿಟ್ಟ ಮೇಲೆ ನೀನು ಎಂತ ಮಾಡುತ್ತೀ?’

ಕಲೈವಾಣಿ ಓದಿ ಕಾಗದವನ್ನು ಎದೆಗೆ ಒತ್ತಿಕೊಂಡಳು. ಅವಳ ಅಜ್ಜನೂ ಅದೇ ಹಡಗುಗಳಲ್ಲಿ ಬಂದವನು. ಚಹದ ಕಂಪನಿಗೆ ಬೇಕಾದಾಗ ಈ ದೇಶದಿಂದ ಎತ್ತಿಕೊಂಡು ಹೋದ ಜನರನ್ನು, ಬೇಡವಾದಾಗ ಎರಡು ಸರ್ಕಾರಗಳು ಕುರ್ಚಿ ಹಾಕಿ ಕುಳಿತು ಪಾಲು ಮಾಡಿಕೊಂಡಿದ್ದವು. ಬೀಜಕ್ಕೆ ಗಡಿ ದಾಟಲು ನೂರು ಅಡ್ಡಿ. ಮನುಷ್ಯರನ್ನು ದಾಟಿಸಲು ಒಂದು ಸಹಿ ಸಾಕಾಗಿತ್ತು.

ಹರ್ಷಿತ್ ಕಾಗದ ತೆಗೆದುಕೊಂಡ. ಓದಿದ. ಕೆಂಪು ಪೆನ್ನು ತೆರೆದು ‘ನನ್ನ ನೇಟಿವ್ ಪ್ಲೇಸ್’ನಿಂದ ‘ಹೌದಾ’ ತನಕ ಗೆರೆ ಎಳೆದ. ಮೇಲೆ ‘ಮೈ ನೇಟಿವ್ ಪ್ಲೇಸ್ ಈಸ್ ಸುಳ್ಯ’ ಎಂದು ಬರೆದ.

"ಎಂತ ಮಾಡಿದಿರಿ ನೀವು?"

"ಮೊದಲ ಪತ್ರ ಅಲ್ವಾ? ಇಷ್ಟು ಭಾರ ಬೇಡ. ಆ ಮಗು ಗಾಬರಿ ಆಗ್ತದೆ. ಪರಿಚಯ ಆಗಲಿ, ಸ್ನೇಹ ಆಗಲಿ, ಆಮೇಲೆ ಬರೀಲಿ."

"ಇದೇ ಅವಳ ಪರಿಚಯ. ಇದನ್ನು ತೆಗೆದರೆ ಸ್ನೇಹ ಯಾರೊಟ್ಟಿಗೆ ಆಗುದು?"

"ಕಲಾ, ನಾನು ಪತ್ರದ ಬಗ್ಗೆ ಮಾತ್ರ ಹೇಳ್ತಾ ಇದ್ದೇನೆ."

ಅವನು ‘ಮಾತ್ರ’ ಎಂದ ರೀತಿ ಅವಳಿಗೆ ಚುಚ್ಚಿತು. ಭಾನುವಾರ ಅವನ ಮನೆಗೆ ಅವಳು ಹೋಗುವುದೆಂದು ನಿಶ್ಚಯವಾಗಿತ್ತು.

"ನಿಮ್ಮ ಅಮ್ಮನ ಹತ್ತಿರ ನನ್ನ ವಿಷಯ ಎಂತ ಹೇಳಿದ್ದೀರಿ?"

"ಹೇಳಿದ್ದೇನೆ. ಹೆಸರು ಕಲಾ ಅಂತ. ಟೀಚರ್ ಅಂತ. ಒಳ್ಳೆ ಹುಡುಗಿ ಅಂತ. ನೀವು ಎದುರು ಬಂದರೆ ನಾನು ಜೋರು ನಗ್ತೇನೆ ಅಂತ."

"ಮತ್ತೆ?"

ಅವನು ಕೆಂಪು ಪೆನ್ನಿನ ಮುಚ್ಚಳ ಹುಡುಕತೊಡಗಿದ. "ಅಮ್ಮ ನಿಮ್ಮನ್ನು ಒಮ್ಮೆ ನೋಡಲಿ. ಇಷ್ಟ ಆಗ್ತೀರಿ, ನನಗೆ ಗೊತ್ತುಂಟು. ಬಾಕಿದ್ದು ಆಮೇಲೆ."

ಭಾನುವಾರ ಅವಳು ಹೋದಳು. ಹೋಗಬಾರದೆಂದು ಬೆಳಗಿನಿಂದ ಹೇಳಿಕೊಂಡು, ಅವನಿಗಿಷ್ಟವಾದ ಹಸಿರು ಸೀರೆಯನ್ನೇ ಉಟ್ಟು ಹೋದಳು. ಪ್ರೀತಿ ಅಷ್ಟು ಸುಲಭಕ್ಕೆ ಬುದ್ಧಿ ಕೇಳುವುದಿಲ್ಲ.

ಅವನ ತಾಯಿ ಶೀಲಾವತಿ ಬಾಗಿಲಿಗೇ ಬಂದು ಕೈ ಹಿಡಿದರು. ಮಗನೊಂದಿಗೆ ಆಡುತ್ತಿದ್ದ ಮನೆಮಾತು ಅರೆಭಾಷೆಯನ್ನು ಬಿಟ್ಟು ಕನ್ನಡಕ್ಕೆ ಬಂದರು.

"ಬಾ ಮಗಾ. ಇವನ ಬಾಯಲ್ಲಿ ನಿನ್ನ ಹೆಸರು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಒಂದು ಪ್ಲೇಟ್ ತೊಳೆಯುವಾಗಲೂ ಹಾಡ್ತಾನೆ ಈಗ."

"ಅಮ್ಮಾ!" ಎಂದ ಹರ್ಷಿತ್.

"ನೋಡು, ಕಿವಿ ಕೆಂಪಾಯ್ತು. ಸಣ್ಣದಿರುವಾಗಲೂ ಹೀಗೇ. ಏನಾದರೂ ಅಡಗಿಸಿಟ್ಟರೆ ಕಿವಿಯಲ್ಲಿ ಗೊತ್ತಾಗ್ತದೆ."

ಕಲೈವಾಣಿ ನಕ್ಕಳು. ಕಾಫಿ ಬಂತು, ಹಲಸಿನ ಹಪ್ಪಳ ಬಂತು. ಈ ಹೆಂಗಸು ತನಗೆ ಇಷ್ಟವಾಗುತ್ತಿದ್ದಾರೆ ಎಂಬುದಕ್ಕೇ ಅವಳಿಗೆ ಭಯವಾಯಿತು. ಆಗ ಶೀಲಾವತಿ ಅವಳ ಮುಂಗೈ ಮೇಲೆ ಕೈಯಿಟ್ಟು, ಎಲ್ಲ ತಾಯಂದಿರೂ ಕೇಳುವುದನ್ನು ಕೇಳಿದರು.

"ನಿಮ್ಮದು ಮೂಲ ಎಲ್ಲಿ ಆಯ್ತು? ಯಾವ ಬಳಿ?" ಬಳಿ ಎಂದರೆ ವಂಶದ ಹೆಸರು; ಅದೊಂದು ತಿಳಿದರೆ ಜಾತಿ, ಮನೆ, ನೆಂಟರು ಎಲ್ಲ ತಾವಾಗಿಯೇ ತಿಳಿಯುತ್ತವೆ.

ಅವಳು ಹರ್ಷಿತ್‌ನತ್ತ ನೋಡಿದಳು. ಹೇಳು, ಎಂದು ಕಣ್ಣಲ್ಲೇ ಬೇಡಿದಳು. ನೀನು ಹೇಳಿದರೆ ನಾನು ಈ ಜನ್ಮವಿಡೀ ನಿನ್ನವಳು.

"ಅವರದ್ದು ಪುತ್ತೂರು ಆಚೆ, ಅಮ್ಮ," ಎಂದ ಅವನು ಸಲೀಸಾಗಿ. "ಅಜ್ಜನಿಗೆ ಜಾಗ ಇತ್ತಂತೆ. ನಮ್ಮವರೇ, ಸ್ವಲ್ಪ ದೂರ."

ಅಂಥ ಸುಳ್ಳು ಆ ಕ್ಷಣಕ್ಕೆ ಹುಟ್ಟುವುದಲ್ಲ. ಅವನು ಅದನ್ನು ಮನೆಯಲ್ಲಿ ಕುಳಿತು ತಿದ್ದಿ, ನಕಲು ತೆಗೆದು ಇಟ್ಟಿದ್ದ.

ಕಲೈವಾಣಿ ಲೋಟ ಕೆಳಗಿಟ್ಟಳು.

"ಅಮ್ಮಾ, ನಾನೇ ಹೇಳ್ತೇನೆ. ನನ್ನ ಹೆಸರು ಕಲೈವಾಣಿ. ನಾವು ತಮಿಳರು. ಅಪ್ಪ, ಅಮ್ಮ ಇಬ್ಬರೂ ರಬ್ಬರ್ ಟ್ಯಾಪಿಂಗ್ ಮಾಡಿದವರು. ಅಜ್ಜನನ್ನು ಸಿಲೋನಿನಿಂದ ಇಲ್ಲಿಗೆ ಕಳಿಸಿದ್ದು. ಅಜ್ಜನಿಗೆ ಜಾಗ ಇರಲಿಲ್ಲ. ನಮಗೆ ಬಳಿ ಇಲ್ಲ. ನೀವು ಕೇಳುವ ಜಾತಿ ಹೇಳುದಾದರೆ, ನಿಮ್ಮ ಜಗಲಿ ತನಕ ಬರಲಿಕ್ಕೆ ಹಿಂದೆ ನಮ್ಮನ್ನು ಬಿಡ್ತಿರಲಿಲ್ಲ."

ಶೀಲಾವತಿಯ ಕೈ ಅವಳ ಮುಂಗೈ ಮೇಲಿಂದ ಸರಿಯಿತು. ಸರಿದದ್ದು ಅವರಿಗೇ ತಿಳಿದು, ಅವರ ಮುಖ ಬಿಳಿಚಿತು.

"ನನಗೆ ಕಷ್ಟ ಆಗ್ತದೆ ಮಗಾ," ಅವರೆಂದರು. "ಇಲ್ಲ ಅಂತ ಹೇಳುದಿಲ್ಲ. ಆದರೆ ನನ್ನ ಕೈ ಹಿಂದೆ ಬಂದದ್ದನ್ನು ನೀನೂ ನೋಡಿದೆ. ನನಗೆ ಸ್ವಲ್ಪ ದಿವಸ ಬೇಕು." ಆಮೇಲೆ ಮಗನತ್ತ ತಿರುಗಿದರು. "ನೀನು ಎಂತಕ್ಕೆ ಮಾರಾಯ, ನನಗೆ ಸುಳ್ಳು ಹೇಳಿದ್ದು? ಅವಳ ಎದುರೇ?"

ಮರುದಿನ ಹರ್ಷಿತ್ ತೃಷಾಳಿಗೆ ಹೊಸ ಕಾಗದ ಕೊಟ್ಟು, ಮೊದಲು ಬರೆದದ್ದನ್ನೇ ಪೂರ್ತಿ ಬರೆಯಲು ಹೇಳಿದ. ಪತ್ರಗಳನ್ನೆಲ್ಲ ಒಂದೇ ದೊಡ್ಡ ಕವರಿಗೆ ಹಾಕಿ, ಆ ಶಾಲೆಯ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದು, ಹಿಂದೆ ತಮ್ಮ ಶಾಲೆಯ ವಿಳಾಸ ಹಾಕಿ, ಪುತ್ತೂರಿನ ದೊಡ್ಡ ಪೋಸ್ಟ್ ಆಫೀಸಿಗೆ ಇಬ್ಬರೂ ಒಯ್ದರು. ಕೌಂಟರಿನವರು ತೂಕ ನೋಡಿದರು, ಕಾಗದ ಬಿಟ್ಟು ಬೇರೇನಾದರೂ ಉಂಟಾ ಎಂದು ಕೇಳಿದರು, ರಶೀದಿ ಕೊಟ್ಟರು. ಉತ್ತರ ಯಾವಾಗ ಬರಬಹುದು ಎಂದರೆ ಹೇಳಲಿಕ್ಕಾಗದು ಎಂದರು.

ಅಲ್ಲಿಂದ ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು.

"ಈ ಸಲ ತೃಷಾಳ ಒಂದು ಅಕ್ಷರವನ್ನೂ ಮುಟ್ಟಲಿಲ್ಲ ನಾನು," ಎಂದ ಹರ್ಷಿತ್. "ಅವಳ ಹತ್ತಿರ ಸಾರಿ ಕೇಳಿದೆ. ಅಮ್ಮ ನಿಮ್ಮನ್ನು ಕೇಳ್ತಿದ್ದಾರೆ. ಒಪ್ತಾರೆ ಕಲಾ, ಖಂಡಿತ ಒಪ್ತಾರೆ. ಸ್ವಲ್ಪ ಕಾಯಿರಿ."

"ಅಮ್ಮನಿಗೆ ನಾನು ಎಷ್ಟು ದಿವಸ ಬೇಕಾದರೂ ಕಾಯಬಹುದು. ಅವರು ಕಷ್ಟ ಆಗ್ತದೆ ಅಂತ ಬಾಯಿಬಿಟ್ಟು ಹೇಳಿದರು. ನೀವು ಮೊದಲೇ ಒಪ್ಪಿದವರಲ್ವಾ? ಒಪ್ಪಿದ ಮೇಲೂ ನಾಚಿಕೆ ಆಗುವವರಿಗೆ ಹೇಗೆ ಕಾಯುದು?"

"ನನಗೆ ನಾಚಿಕೆ ಅಲ್ಲ. ಹೆದರಿಕೆ."

"ಹೌದು. ಆದರೆ ನಾಳೆ ಮದುವೆಗೆ ಯಾರೋ ಬರ್ತಾರೆ, ಹುಡುಗಿ ಎಲ್ಲಿಯವಳು ಕೇಳ್ತಾರೆ. ನಮ್ಮ ಮಗು ಹುಟ್ತದೆ, ಅದರ ಹತ್ತಿರ ಕೇಳ್ತಾರೆ. ಪ್ರತಿ ಸಲವೂ ನಾನು ನಿಮ್ಮ ಬಾಯಿ ನೋಡಿಕೊಂಡು ನಿಲ್ಲಬೇಕು, ಇವತ್ತು ಎಂತ ಹೇಳ್ತಾರೋ ಅಂತ. ಅಷ್ಟು ಹೊತ್ತು ಉಸಿರು ಕಟ್ಟಿ ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ."

"ಪ್ರೀತಿ ಇಲ್ವಾ ಹಾಗಾದರೆ?"

"ಉಂಟು," ಎಂದಳು ಅವಳು. "ಅದಕ್ಕೇ ಇಷ್ಟು ನೋವು."

ಸುಳ್ಯದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಅವಳು ಮುಂದೆ ಹೋದವಳು ಹಿಂತಿರುಗಿ ಬಂದಳು. ಅಷ್ಟೂ ಜನರೆದುರು, ಯಾರು ನೋಡುತ್ತಾರೆಂದು ನೋಡದೆ, ಅವನ ಎರಡೂ ಕೈಗಳನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಪಕ್ಕದ ಹೂವಿನವಳು ಮಾತು ನಿಲ್ಲಿಸಿ ನೋಡಿದಳು. ಆಟೋದವನೊಬ್ಬ ಇಣುಕಿದ.

ಹರ್ಷಿತ್‌ನ ಕಣ್ಣು ಒಂದೇ ಒಂದು ಕ್ಷಣ, ತನ್ನನ್ನೂ ಮೀರಿ, ಸುತ್ತ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿತು.

ಕಲೈವಾಣಿ ಅದನ್ನು ಕಂಡಳು. ಸಿಟ್ಟಾಗಲಿಲ್ಲ. ಮೆಲ್ಲಗೆ ಅವನ ಕೈಗಳನ್ನು ಅವನಿಗೇ ಒಪ್ಪಿಸಿ, ಬಸ್ಸು ಹತ್ತಿದಳು.