ಹೊರಳುಮಾಪಕ

“ಅವ್ರು ಆಫೀಸಿಂದ ಬಂದ್ಮೇಲೆ ಊಟ ಬಡಿಸ್ತಿದ್ದೆ. ಉಪ್ಪು ಒಂಚೂರು ಜಾಸ್ತಿ ಆಯ್ತು ಅಂದ್ರೆ… ಹೀ ಯೂಸ್ಡ್ ಟು ಹಿಟ್ ಮೀ.”

ಹೇಮಲತಾ ಇಂಗ್ಲಿಷಿಗೆ ಹೊರಳಿದೊಡನೆ ಮೇಜಿನ ಮೇಲಿದ್ದ ಹೊರಳುಮಾಪಕದ ಹಸಿರು ದೀಪ ಕೆಂಪಾಯಿತು.

“ನೋಡಿ, ಸುಳ್ಳು!” ಎಂದರು ನಂಜಪ್ಪ, ಎಲೆಯಡಿಕೆ ಜಗಿಯುತ್ತ. ಮೈಸೂರಿನ ಆ ದಾಂಪತ್ಯ ಸಂಧಾನ ಕೇಂದ್ರಕ್ಕೆ ಅವರೇ ಮುಖ್ಯಸ್ಥರು.

ಯಂತ್ರವನ್ನು ರೂಪಿಸಿದ ಭಾಷಾವಿಜ್ಞಾನಿ ಡಾ. ವಾರಿಜಾ ಅದು ಕೆಲಸ ಮಾಡುವುದನ್ನು ನೋಡಲೆಂದೇ ಅಂದು ಬಂದಿದ್ದರು. ಆ ಮಾತು ಕೇಳಿ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಕೆಂಪು ದೀಪ ಅಂದ್ರೆ ಸುಳ್ಳಲ್ಲ ಸಾರ್, ಭಾಷೆ ಬದಲಾಯ್ತು ಅಂತ ಅಷ್ಟೇ. ‘ಆಫೀಸಿಂದ’ ಅಂದಾಗ ದೀಪ ಮಿಸುಕಲಿಲ್ಲ. ಪದ ಇಂಗ್ಲಿಷಿಂದು, ಪ್ರತ್ಯಯ ನಮ್ದು. ವಾಕ್ಯದ ಕಟ್ಟು ಕನ್ನಡದ್ದೇ. ಆದ್ರೆ ಈಗ ಕಟ್ಟೇ ಬದಲಾಯ್ತು. ಯಾಕೆ ಅಂತ ನಾವು ಯೋಚಿಸಬೇಕು.”

“ಕನ್ನಡ ಬರಲ್ವೇನೋ.”

“ಎರಡೂ ಚೆನ್ನಾಗಿ ಬರೋರೇ ಹೀಗೆ ಹೊರಳೋದು. ಒಬ್ಬರು ಆಡಿದ್ದನ್ನ ಅವರ ಮಾತಲ್ಲೇ ಹೇಳೋಕೆ, ಒತ್ತಿ ಹೇಳೋಕೆ, ಸಲುಗೆ ತೋರಿಸೋಕೆ, ದೂರ ಇಡೋಕೆ… ಕಾರಣ ಹತ್ತಾರು. ಚಿಕ್ಕಂದಿನ ಭಾಷೆ ಬೈಗುಳ, ಮುದ್ದು, ಏಟಿನ ಜೊತೇಲೇ ಮೈಗೆ ಹತ್ತಿರುತ್ತೆ. ಶಾಲೇಲಿ ಕಲಿತ ಭಾಷೆಗೆ ಎಷ್ಟೋ ಜನರಲ್ಲಿ ಅಷ್ಟು ಬಿಸಿ ಇರಲ್ಲ. ಸುಡೋ ಪಾತ್ರೆಯನ್ನ ಬಟ್ಟೆ ಹಿಡಿದು ಇಳಿಸಲ್ವಾ, ಹಾಗೆ.”

“ಕೆಂಪು ಬಂದ್ರೆ ಆ ಹೇಳಿಕೆ ಲೆಕ್ಕಕ್ಕಿಲ್ಲ. ನಿಯಮ ನಿಯಮವೇ,” ಎಂದು ನಂಜಪ್ಪ ಗಂಡನತ್ತ ತಿರುಗಿದರು.

ಗಿರಿಧರ ಗಂಟಲು ಸರಿಮಾಡಿಕೊಂಡ. “ನಾನು ಆಕೆಯ ಮೇಲೆ ಎಂದಿಗೂ ಕೈ ಎತ್ತಿಲ್ಲ. ಕಣ್ಣಿನ ರೆಪ್ಪೆಯಂತೆ ಕಾಪಾಡಿದ್ದೇನೆ.”

ಮತ್ತೆ ಹಸಿರಿಗೆ ಬಂದಿದ್ದ ದೀಪ ಹಾಗೆಯೇ ಇತ್ತು. ಒಂದೇ ಒಂದು ಬೆರಕೆಯ ಪದವಿಲ್ಲ. ಮನೆಯಲ್ಲಿ ಯಾವ ಗಂಡಸು ಹೀಗೆ ಮಾತಾಡುತ್ತಾನೆ? ಈ ಕೇಂದ್ರಕ್ಕೆ ಬರುವವರಿಗೆ ಶುದ್ಧ ಕನ್ನಡ ಉರು ಹೊಡೆಸುವ ತರಬೇತಿ ಅಂಗಡಿಗಳು ಊರಿನಲ್ಲಿ ಹುಟ್ಟಿಕೊಂಡಿವೆಯೆಂದು ವಾರಿಜಾ ಕೇಳಿದ್ದರು, ನಂಬಿರಲಿಲ್ಲ. ಆ ನಯವಾದ ವಾಕ್ಯ ಕಮಟು ಎಣ್ಣೆಯಂತೆ ಅವರ ಕಿವಿಗೆ ಅಂಟಿಕೊಂಡಿತು.

“ಕಡೇ ಅವಕಾಶ ಕಣಮ್ಮ,” ಎಂದರು ನಂಜಪ್ಪ. “ಕನ್ನಡದಲ್ಲಿ ಹೇಳು. ಇಲ್ದಿದ್ರೆ ಅವರ ಮನೆಗೇ ವಾಪಸ್ ಹೋಗು ಅಂತ ಬರೀತೀನಿ.”

ಹೇಮಲತಾ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ಜುಟ್ಟು ಹಿಡ್ದು… ತಟ್ಟೆಗೆ ಮುಖ ಒತ್ತೋರು. ನಾಯಿ ಥರ ನೆಕ್ಕು ಅನ್ನೋರು. ನಾನು…” ಅವಳ ದನಿ ಒಡೆಯಿತು. “ನೆಕ್ತಿದ್ದೆ.”

ದೀಪ ಹಸಿರಾಗಿತ್ತು.

“ಹಾಂ, ಇದು ನಿಜ!” ಎಂದು ನಂಜಪ್ಪ ತೃಪ್ತಿಯಿಂದ ತಲೆಯಾಡಿಸಿದರು. ಆ ತೃಪ್ತಿಯನ್ನು ನೋಡುತ್ತಲೇ ವಾರಿಜಾ ಎದ್ದು ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತು, ಯಂತ್ರವನ್ನೇ ಕಂಕುಳಲ್ಲಿ ಇರುಕಿಕೊಂಡರು.

“ಸರ್ಕಾರದ ಸ್ವತ್ತು ಮೇಡಂ!”

“ದೂರು ಕೊಡಿ.”

ಹೊರಗಿನ ಪಡಸಾಲೆಯಲ್ಲಿ ಹೇಮಲತಾ ಬೆಂಚಿನ ಮೇಲೆ ಕುಳಿತಳು. ವಾರಿಜಾ ಯಂತ್ರವನ್ನು ನೆಲಕ್ಕಿಟ್ಟು ಅವಳ ಎದುರಿಗೆ ನಿಂತರು.

“ನಿಮಗೆ ಹೀಗಾಗಬಾರದಿತ್ತು. ಈ ಯಂತ್ರ ಮಾಡಿದ್ದು ನಾನೇ… ಐ ಆ್ಯಮ್ ರಿಯಲಿ ಸಾರಿ.”

ಹೇಮಲತಾ ತಲೆಯೆತ್ತಿ ಅವರನ್ನೇ ನೋಡಿದಳು.

“ಪರವಾಗಿಲ್ಲ ಮೇಡಂ,” ಎಂದಳು ಮೆಲ್ಲಗೆ. “ಕನ್ನಡದಲ್ಲಿ ಹೇಳೋಕೆ ನಿಮಗೂ ಕಷ್ಟ ಆಗುತ್ತೆ, ಅಲ್ವಾ?”