ಕಬ್ಬಿಣದಲ್ಲಿ ಬಳುಕಿದ ಕೂದಲು

ಆ ಮನೆಯ ಬಾಗಿಲು ಅಷ್ಟಗಲ ತೆರೆದಿರದಿದ್ದರೆ ಝೆಲಿ ತನ್ನ ಪಾಡಿಗೆ ತಾನು ದಾಟಿಹೋಗುತ್ತಿದ್ದಳು. ಗಿರಾಕಿಯೊಬ್ಬರಿಗೆ ಪೋಸ್ಟರಿನ ಪ್ರೂಫ್ ಕೊಟ್ಟು, ಸ್ಯಾಂ ಝಿಲ್ ಬಡಾವಣೆಯ ಏರುಬೀದಿಯಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು. ಬಲ ಮಣಿಕಟ್ಟು ಎಂದಿನಂತೆ ನೋಯುತ್ತಿತ್ತು. ಅರ್ಧ ಕಟ್ಟಿದ ಮನೆಯೊಳಗೆ ಸುಮ್ಮನೆ ಕಣ್ಣು ಹಾಯಿಸಿದವಳು ಅಲ್ಲೇ ನಿಂತಳು.

ಮೆಟ್ಟಿಲಿನ ಪಕ್ಕದಲ್ಲಿ ಅವಳ ಗೆರೆ ಏರಿ ಹೋಗುತ್ತಿತ್ತು.

ಕಬ್ಬಿಣದ ಕಂಬಿ ಕೆಳಗಿನ ಮೆಟ್ಟಿಲ ಬಳಿ ಬೇರಿನಂತೆ ದಪ್ಪಗೆ ಹುಟ್ಟಿ, ಕಾಂಡದಂತೆ ಮೇಲೆದ್ದು, ಎರಡಾಗಿ ಮೂರಾಗಿ ಒಡೆದು, ಉದ್ದಕ್ಕೆ ನಿಧಾನವಾಗಿ ಬಾಗುತ್ತ ಹೋಗಿ, ತಟ್ಟನೆ ಚಾಟಿಯ ತುದಿಯಂತೆ ಹಿಂದಕ್ಕೆ ತಿರುಗಿತ್ತು. ಕೋಕೋ ಕಂಪನಿಯೊಂದರ ಪೋಸ್ಟರಿಗೆ ಅವಳು ಬರೆದ ಹೆಣ್ಣಿನ ಕೂದಲು ಅದು. ಅನುಮಾನವೇ ಇಲ್ಲ. ಚಾಟಿ ತಿರುಗುವ ಸ್ವಲ್ಪ ಮೊದಲು ಗೆರೆ ಒಂದಿಷ್ಟು ಜೋತುಬಿದ್ದಿತ್ತು. ಆ ದಿನ ಅವಳಿಗೆ ವಿಪರೀತ ಆಯಾಸವಾಗಿ ಕೈ ಸೋತಿತ್ತು. ಪೋಸ್ಟರು ಅಚ್ಚುಹಾಕುವ ಕಲ್ಲಿನ ಮೇಲೆ ಜಿಡ್ಡುಬಳಪದ ಕಡ್ಡಿಯಲ್ಲಿ ಒಮ್ಮೆ ಎಳೆದದ್ದನ್ನು ಅಳಿಸುವುದು ಸುಲಭವಲ್ಲ. ಹಾಗೇ ಬಿಟ್ಟಿದ್ದಳು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದಳು.

ಈ ಕಂಬಿ ಮಾಡಿದವನು ಯಾರೋ ಆ ಸೋಲನ್ನೂ ಬಿಡದೆ ಕದ್ದಿದ್ದ.

"ಯಾರ್ರೀ ಇದನ್ನ ಮಾಡಿದ್ದು?"

ಮೆಟ್ಟಿಲ ತಿರುವಿನಲ್ಲಿ ಮಂಡಿಯೂರಿ ರಿವೆಟ್ ಬಡಿಯುತ್ತಿದ್ದವನು ತಲೆಯೆತ್ತಿದ. ಕಪ್ಪು ಗಡ್ಡದಲ್ಲಿ ಅಲ್ಲಲ್ಲಿ ಬೂದಿ ಬಣ್ಣ. ನಿದ್ದೆಗೆಟ್ಟ ಕಣ್ಣು.

"ನಾನೇ. ಸೆರ್ವಾಸ್ ಅಂತ, ಕಮ್ಮಾರ. ಏನಾಯ್ತು ಮೇಡಂ? ಬೀಳೋ ಹಾಗಿದ್ಯಾ?"

"ಬೀಳೋದಲ್ಲ, ಕದ್ದಿದ್ದೀರಿ. ಅದು ನನ್ನ ಕೂದಲು."

ಅವನ ನೋಟ ಅವಳ ತಲೆಯ ಮೇಲೆ ಹೋಯಿತು. ಬಿಗಿಯಾಗಿ ಸುತ್ತಿ ಪಿನ್ನು ಚುಚ್ಚಿದ ಪುಟ್ಟ ಗಂಟು, ಪಕ್ಕದಲ್ಲಿ ಅಂಟಿದ ಶಾಯಿಯ ಕಲೆ. ತುಟಿಯಂಚು ಸ್ವಲ್ಪ ಅಲುಗಿತು.

"ನಿಮ್ಮದಾ? ಎಲ್ಲಿ ಬಚ್ಚಿಟ್ಟಿದ್ದೀರಿ ಇಷ್ಟೊಂದನ್ನ?"

ನಗಬಾರದೆಂದು ಝೆಲಿ ಹಲ್ಲು ಕಚ್ಚಿದಳು. "ಪೋಸ್ಟರಿನ ಕೂದಲು! ಬರೆದವಳು ನಾನು."

"ಅದರಲ್ಲಿ ಯಾರೋ ಗಂಡಸಿನ ಸಹಿ ಇತ್ತಲ್ಲ?"

"ಅವರು ಅಂಗೈಯಗಲದ ಚಿತ್ರ ಕಳಿಸ್ತಾರೆ. ಅದನ್ನ ಆಳೆತ್ತರಕ್ಕೆ ಕಲ್ಲಿನ ಮೇಲೆ ಬರೆಯೋಳು ನಾನು. ಗೆರೆಗೊಂದು ಕಲ್ಲು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅವರು ಕೂದಲಿಗೆ ಮೂರು ಗೀಟು ಹಾಕಿರ್ತಾರೆ. ಉಳಿದದ್ದೆಲ್ಲ ನನ್ನ ಮಣಿಕಟ್ಟು."

ಸೆರ್ವಾಸ್ ಎದ್ದು ನಿಂತ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. "ಹಾಗಾದ್ರೆ ಮಾಫಿ ಮೇಡಂ. ಗೋಡೆ ಮೇಲೆ ನೋಡಿದೆ. ಇಷ್ಟವಾಯ್ತು. ತೆಳು ಕಾಗದ ಇಟ್ಟು ಇಳಿಸಿಕೊಂಡೆ. ಆದರೆ ನಮ್ಮ ಮೆಟ್ಟಿಲು ಎಡಕ್ಕೆ ಏರುತ್ತೆ, ನಿಮ್ಮ ಕೂದಲು ಬಲಕ್ಕೆ ಹಾರುತ್ತೆ. ಕಾಗದ ತಿರುವಿ ಹಾಕಬೇಕಾಯ್ತು."

ಆಗ ಝೆಲಿಗೆ ಹೊಳೆಯಿತು. ಬಾಗಿಲ ಬಳಿ ಕಾಲು ಯಾಕೆ ಹಾಗೆ ನಿಂತುಹೋಯಿತು ಎಂಬುದು. ಕಲ್ಲಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯಬೇಕು, ಅಚ್ಚಾದಾಗ ಅದು ಸರಿಯಾಗುತ್ತದೆ. ಊರೆಲ್ಲ ನೋಡಿದ್ದು ಅಚ್ಚಾದ ಗೆರೆಯನ್ನು. ಈ ಕಂಬಿ ಹೋಗುತ್ತಿದ್ದುದು ಅವಳ ಕೈ ನಿಜವಾಗಿ ಹೋದ ದಿಕ್ಕಿನಲ್ಲಿ. ಅವಳೊಬ್ಬಳೇ ಕಂಡಿದ್ದ ಗೆರೆ ಅದು.

"ಇಲ್ಲಿ ಜೋತುಬಿದ್ದಿದ್ಯಲ್ಲ," ಎಂದಳು. ದನಿ ತಾನಾಗಿ ತಗ್ಗಿತ್ತು. "ಅದು ತಪ್ಪು. ಸರಿಮಾಡಬಹುದಿತ್ತು ನೀವು."

"ಯಾಕೆ ಸರಿಮಾಡಲಿ? ಅಲ್ಲಿ ಯಾರೋ ಸುಸ್ತಾಗಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಮೆಟ್ಟಿಲು ಹತ್ತೋರಿಗೂ ಅಲ್ಲೇ ಸುಸ್ತಾಗೋದು. ಬನ್ನಿ, ಹತ್ತಿ ನೋಡಿ."

ಅವಳು ಹತ್ತಿದಳು. ತಿರುವಿಗೆ ಬರುವಷ್ಟರಲ್ಲಿ ಉಸಿರು ಬಿಗಿಯಾಯಿತು, ಕೈ ಕಂಬಿಯ ಮೇಲೆ ಭಾರವಾಯಿತು. ಸರಿಯಾಗಿ ಅಲ್ಲೇ ಆ ತಗ್ಗು ಅಂಗೈಯನ್ನು ಬರಮಾಡಿಕೊಂಡಿತು. ನೋಯುತ್ತಿದ್ದ ಮಣಿಕಟ್ಟು ಅದರಲ್ಲಿ ಹಾಗೇ ಕುಳಿತಿತು.

ತೆಗೆಯಲು ಮನಸ್ಸಾಗಲಿಲ್ಲ. ಅವನು ನೋಡುತ್ತಿದ್ದಾನೆಂದು ಗೊತ್ತಾಗಿ ತೆಗೆದಳು.

"ಒಂದು ತೊಂದರೆ ಇದೆ," ಎಂದ ಅವನು ಬೇರೆಡೆ ನೋಡುತ್ತ. "ಮೇಲಿನ ಅಂತಸ್ತಿಗೂ ಇದೇ ಗೆರೆ ಹೋಗಬೇಕು. ನಿಮ್ಮ ಪೋಸ್ಟರು ಇಲ್ಲಿಗೇ ಮುಗಿದುಹೋಯ್ತು. ಮುಂದೆ ಕೂದಲು ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಿಲ್ಲ."

*

ಬಳ್ಳಿ, ಅಲೆ, ಕೂದಲು, ಹೊಗೆ. ವರ್ಷಗಟ್ಟಲೆ ಅದನ್ನೇ ಬರೆದು ಝೆಲಿಗೆ ಸಾಕಾಗಿಹೋಗಿತ್ತು. ಸೈಕಲ್ಲಿಗೂ ಕೂದಲು, ಸೋಪಿಗೂ ಕೂದಲು, ಹೊಟ್ಟೆನೋವಿನ ಔಷಧಕ್ಕೂ ಕೂದಲು. ಮುಂದಿನ ಗೆರೆ ಬರೆದುಕೊಡಲಾರೆ ಎನ್ನಬೇಕೆಂದೇ ಹೋದವಳು ಅವನ ಕುಲುಮೆಯ ನೆಲದ ಮೇಲೆ ಸೀಮೆಸುಣ್ಣ ಹಿಡಿದು ಕುಳಿತಳು.

ಅಲ್ಲಿ ಗೆರೆಗೆ ಭಾರವಿತ್ತು. ಅವಳು ಎಳೆದ ಮೊದಲ ಗೆರೆ ನೋಡಿ ಸೆರ್ವಾಸ್ ತಲೆ ಕೆರೆದುಕೊಂಡ.

"ಚೆನ್ನಾಗಿದೆ. ಆದರೆ ಆಗಲ್ಲ. ಚಪ್ಪಟೆ ಪಟ್ಟಿ ಅಗಲದ ಕಡೆ ಕೇಳಿದ ಹಾಗೆ ಬಾಗುತ್ತೆ. ಅಂಚಿನ ಕಡೆ ಬಗ್ಗಿಸಿದರೆ ಒಳಗೆ ಸುಕ್ಕುಗಟ್ಟುತ್ತೆ, ನನ್ನ ಹಣೆ ಥರ."

"ಮತ್ತೆ ಈ ತಿರುವು?"

"ತಿರುಚಬೇಕು. ತಿರುಚಿದರೆ ಅಗಲ ಈ ಕಡೆ ಬರುತ್ತೆ. ಆಮೇಲೆ ಬಾಗು."

ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಬಡಿಗಲ್ಲಿನ ಮೇಲಿನ ಕವೆಯಲ್ಲಿ ಸಿಕ್ಕಿಸಿ ಅವನು ಬಾಗಿಸುತ್ತಿದ್ದ. ಕೆಂಪಾಗಿರುವಾಗಲೇ ಇಕ್ಕಳದಲ್ಲಿ ತಂದು ಸೀಮೆಸುಣ್ಣದ ಗೆರೆಯ ಮೇಲೆ ಹಿಡಿದು ನೋಡುತ್ತಿದ್ದ. ಹೊಂದದಿದ್ದರೆ ಮತ್ತೆ ಬೆಂಕಿಗೆ.

ಅವಳಿಗೂ ಹೇಳಿಕೊಡಲು ಇತ್ತು. "ಕೊಂಬೆಯನ್ನ ಕಾಂಡಕ್ಕೆ ಅಡ್ಡ ಅಂಟಿಸಬೇಡಿ ಮೇಸ್ತ್ರಿ. ಅದು ಮೊದಲು ಕಾಂಡದ ಜೊತೆಗೇ ಸ್ವಲ್ಪ ದೂರ ಹೋಗಬೇಕು. ಆಮೇಲೆ ಬಿಟ್ಟುಹೋಗಬೇಕು. ಆಗಲೇ ಅದು ಬೆಳೆದ ಹಾಗೆ ಕಾಣೋದು."

"ಜೊತೆಗೆ ಹೋಗಿ, ಆಮೇಲೆ ಬಿಟ್ಟುಹೋಗೋದು," ಎಂದ ಅವನು. "ನನ್ನ ಹೆಂಡತಿಯೂ ಹಾಗೇ ಮಾಡಿದಳು. ಎದೆರೋಗ. ನಾಲ್ಕು ಚಳಿಗಾಲ ಆಯ್ತು."

ಅವನು ರೊಟ್ಟಿಗೆ ಬಿಳಿ ಚೀಸ್ ಹಚ್ಚಿ, ಮೂಲಂಗಿ ಹೆಚ್ಚಿ ಹರಡಿ, ದೊಡ್ಡ ಹೋಳನ್ನು ಅವಳ ಕಡೆ ತಳ್ಳಿದ. ಇಬ್ಬರೂ ಕುಲುಮೆಯ ಬಿಸಿಗೆ ಬೆನ್ನು ಕೊಟ್ಟು ತಿಂದರು.

"ನಿಮ್ಮ ಕೂದಲು ಮನೆಯೆಲ್ಲ ಹರಡ್ತಿದೆ," ಎಂದು ಸುದ್ದಿ ಕೊಟ್ಟ. "ಗಾರೆಯವನು ನನ್ನ ಕಂಬಿ ನೋಡಿ ಅದನ್ನೇ ಚಾವಣಿಗೆ ಹತ್ತಿಸಿದ್ದಾನೆ. ನೆಲಕ್ಕೆ ಚೂರುಕಲ್ಲು ಜೋಡಿಸೋನು ಮೆಟ್ಟಿಲ ಬುಡದಿಂದ ಅದನ್ನೇ ಹರಿಸಿದ್ದಾನೆ. ಬಡಗಿ ಕುರ್ಚಿಯ ಹಿಂಗಾಲು ಎಲ್ಲಿ ಮುಗೀತು, ಬೆನ್ನು ಎಲ್ಲಿ ಶುರುವಾಯ್ತು ಅಂತ ಗೊತ್ತಾಗದ ಹಾಗೆ ಒಂದೇ ಎಳೆಯಲ್ಲಿ ಕೊರೀತಿದ್ದಾನೆ. ಪಾಪ, ಎರಡು ಮುರಿದುಹೋದವು. ಮರದ ಎಳೆ ನೆಟ್ಟಗೆ, ಗೆರೆ ಸೊಟ್ಟಗೆ. ಎಳೆ ಕಡಿದ ಕಡೆ ಪಟಕ್ಕಂತ ಹೋಗುತ್ತೆ. ಈಗ ಮೊದಲೇ ಬಾಗಿ ಬೆಳೆದ ಮರ ಹುಡುಕ್ತಿದ್ದಾನೆ."

"ಜನ ಈ ಬಳುಕೋ ಗೆರೆನ ಹಾವುಮೀನು ಅಂತ ಆಡಿಕೊಳ್ತಾರೆ, ಗೊತ್ತಾ?"

"ಅನ್ನಲಿ ಬಿಡಿ. ಹಾವುಮೀನು ನನಗಿಷ್ಟ. ಸೊಪ್ಪಿನ ಸಾರಲ್ಲಿ."

ಝೆಲಿ ನಕ್ಕಳು. ಬಹಳ ದಿನವಾಗಿತ್ತು, ಹಾಗೆ ನಕ್ಕು. ಅವನು ಇಕ್ಕಳವನ್ನು ಕೈಯಲ್ಲೇ ಹಿಡಿದು ಮರೆತು ನಿಂತಿದ್ದ. ಅವಳು ನೋಡಿದಾಕ್ಷಣ ಬೆಂಕಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾಗಿದ್ದುದು ಬೆಂಕಿಯಿಂದಲೇ ಇರಬಹುದು.

*

ಮೇಲಂತಸ್ತಿನ ಕಂಬಿ ಅರ್ಧ ಸಿದ್ಧವಾಗಿತ್ತು. ಮನೆಯೊಡೆಯ ನೋಟರಿಯ ಹೆಂಡತಿ ವಿಯೆನ್ನಾದಿಂದ ವಾಪಸಾದಳು. ಕೈಗವಸು ಕಳಚದೆ ಮೆಟ್ಟಿಲ ಕೆಳಗೆ ನಿಂತು ನೋಡಿದಳು. ಅಳತೆಯ ಕೋಲು ಹಿಡಿದು ಝೆಲಿಯೂ ಅಲ್ಲಿದ್ದಳು.

"ಇದು ಸಾಕು ಮೇಸ್ತ್ರಿ. ಮೇಲೆ ಬೇಡ."

"ಅಮ್ಮಾವ್ರೇ, ಅರ್ಧ ಆಗಿದೆ."

"ಬಿಸ್ಕತ್ ಡಬ್ಬಿ ಮೇಲೂ ಇದೇ, ಮಾಂಸದಂಗಡಿ ಬೋರ್ಡಿನ ಮೇಲೂ ಇದೇ. ಅಚ್ಚಿಗೆ ಹೊಯ್ದು ಸಾವಿರಗಟ್ಟಲೆ ಮಾರ್ತಿದ್ದಾರೆ. ಕಣ್ಣು ತಿರುಗುತ್ತೆ ನನಗೆ. ವಿಯೆನ್ನಾದಲ್ಲೀಗ ಎಲ್ಲಾ ನೇರ, ಎಲ್ಲಾ ಚೌಕ. ಮೇಲೆ ನೆಟ್ಟಗಿನ ಸರಳು ಹಾಕಿಬಿಡಿ, ಸಾಕು."

ಸೆರ್ವಾಸ್ ಝೆಲಿಯನ್ನು ನೋಡಿದ. ಜಗಳಕ್ಕೆ ಅವನು ತಯಾರಿದ್ದ. ಅವಳು ಒಂದು ಸಣ್ಣ ಸನ್ನೆ ಮಾಡಿದ್ದರೆ ಸಾಕಿತ್ತು. ಅವಳು ತಲೆಯಾಡಿಸಿದಳು, ಬೇಡ.

ಆ ಹೆಂಗಸಿನ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ನೋವಾಗಿದ್ದು ಅದಕ್ಕೇ.

ಮುಂದಿನ ವಾರಗಳಲ್ಲಿ ಸೆರ್ವಾಸ್ ನೆಟ್ಟಗಿನ ಸರಳು ಕತ್ತರಿಸಿದ. ಅದಕ್ಕೆ ಯಾರ ಚಿತ್ರವೂ ಬೇಕಿರಲಿಲ್ಲ. ಕುಲುಮೆಗೆ ಹೋಗಲು ಝೆಲಿಗೆ ನೆಪ ಉಳಿಯಲಿಲ್ಲ. ಹೋಗಲಿಲ್ಲ. ಅಚ್ಚುಮನೆಯಲ್ಲಿ ಕೂತು ಸಾಬೂನಿನ ಹೆಣ್ಣಿಗೆ ಕೂದಲು ಬರೆದಳು. ಕೈ ಕಡ್ಡಿ ಹಿಡಿಯಲಾರದೆ ಎರಡು ಬಾರಿ ಕೆಳಗೆ ಬೀಳಿಸಿತು.

ಒಂದು ಸಂಜೆ ಕೆಲಸ ಬಿಟ್ಟು ಹೊರಗೆ ಬಂದರೆ ಎದುರಿನ ಟ್ರಾಮ್ ಸ್ಟಾಪಿನಲ್ಲಿ ಅವನು. ಮುಖ ತೊಳೆದಿದ್ದ. ಕಾಲರು ಹಾಕಿದ್ದ, ಅದು ಕುತ್ತಿಗೆಗೆ ಬಿಗಿಯಾಗಿತ್ತು.

"ಮನೆ ಮುಗೀತು," ಎಂದ. "ಹೇಳೋಣ ಅಂತ ಬಂದೆ."

"ಅಷ್ಟೇನಾ?"

"ಅಷ್ಟೇ ಅಂತ ಅಂದುಕೊಂಡು ಬಂದೆ."

ಟ್ರಾಮ್ ಬಂತು. ಹತ್ತಿದರು. ಪಕ್ಕಪಕ್ಕ ಕುಳಿತರು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಝೆಲಿಯ ತಲೆ ವಾಲಿತು. ಕಿಟಕಿಗೆ ಒಮ್ಮೆ ಬಡಿಯಿತು, ಆಮೇಲೆ ಅವನ ಭುಜಕ್ಕೆ ಬಂತು. ಕಬ್ಬಿಣ, ಹೊಗೆ, ಅಗ್ಗದ ಸಾಬೂನಿನ ವಾಸನೆ. ಅವಳು ನಿದ್ದೆಹೋದಳು.

ಎಚ್ಚರವಾದಾಗ ಟ್ರಾಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಬೀಚ್ ಮರಗಳು. ಊರು ಮುಗಿದು ಕಾಡು ಶುರುವಾಗುವ ಕೊನೆಯ ಸ್ಟಾಪು. ಎಲೆಗಳ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು.

"ನನ್ನ ಸ್ಟಾಪು!"

"ಯಾವಾಗಲೋ ಹೋಯ್ತು. ನಂದೂ ಹೋಯ್ತು."

"ಎಬ್ಬಿಸಬಾರದಿತ್ತಾ?"

"ಮನಸ್ಸು ಬರಲಿಲ್ಲ." ಅವನು ಕುಳಿತಲ್ಲಿಂದ ಒಂದಿಷ್ಟೂ ಅಲುಗಿರಲಿಲ್ಲ. ಭುಜ ಮರಗಟ್ಟಿರಬೇಕು. "ನಿಮ್ಮ ಕೈ ನಿದ್ದೆಯಲ್ಲೂ ಗೆರೆ ಎಳೀತಿತ್ತು. ಹಿಡಿದುಕೊಂಡೆ. ಆಮೇಲೆ ನಿಂತಿತು."

ಅವಳು ನೋಡಿಕೊಂಡಳು. ಅವಳ ಬಲಗೈ ಅವನ ಒರಟು ಅಂಗೈಯಲ್ಲಿತ್ತು. ನೋವು ಹೋಗಿರಲಿಲ್ಲ, ಆದರೆ ದೂರದಲ್ಲೆಲ್ಲೋ ಇದ್ದಂತಿತ್ತು.

"ನನ್ನಿಂದ ಇನ್ನು ಬರೆಯೋಕಾಗಲ್ಲ," ಎಂದಳು. "ನಿಜವಾಗಲೂ. ಗೆರೆ ಬೇಕು ಅಂತ ಬಂದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ."

"ಗೆರೆ ಬೇಡ. ಊರಿಗೆ ಈಗ ನೇರ ಸರಳು ಬೇಕಂತೆ, ಅದು ನನಗೆ ಬರುತ್ತೆ. ನೀವು ಕೂತುಕೊಳ್ಳಿ ಸಾಕು. ಬೆಂಕಿ ಹತ್ತಿರ. ರೊಟ್ಟಿ ನಾನು ಹಚ್ಚಿಕೊಡ್ತೀನಿ." ಅವನು ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಂಡ. "ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ ನನಗೆ. ದಾರಿಯುದ್ದಕ್ಕೂ ಯೋಚನೆ ಮಾಡಿದೆ."

ಝೆಲಿ ಕೈ ಬಿಡಿಸಿಕೊಳ್ಳಲಿಲ್ಲ. ಕಂಡಕ್ಟರ್ ಟ್ರಾಮಿನ ನೆತ್ತಿಯ ವಿದ್ಯುತ್ ಕೋಲನ್ನು ವಾಪಸಿನ ದಿಕ್ಕಿಗೆ ತಿರುಗಿಸಿ ತಂತಿಗೆ ಸಿಕ್ಕಿಸಿ, ಒಳಗೆ ಬಂದು ಕೆಮ್ಮಿದ.

"ವಾಪಸ್ ಹೊರಡ್ತಿದ್ದೀವಿ. ಇಳೀತೀರೋ, ಟಿಕೆಟ್ ತಗೋತೀರೋ?"

"ತಗೋತೀವಿ," ಎಂದ ಸೆರ್ವಾಸ್, ಜೇಬು ತಡಕುತ್ತ. "ಇವರಿಗೊಂದು, ಇವರ ಮನೆ ಕಡೆ, ಸ್ಖಾರ್‌ಬೇಕ್‌ಗೆ. ನನಗೆ..."

"ಎರಡೂ ಒಂದೇ ಕಡೆಗೆ ತಗೋ," ಎಂದಳು ಝೆಲಿ, ತಲೆಯನ್ನು ಮತ್ತೆ ಅವನ ಭುಜಕ್ಕಿಡುತ್ತ. "ನಿನ್ನ ಬೀದಿಗೆ. ಬಂದಾಗ ಎಬ್ಬಿಸು."