ಹೊಸಿಲ ಮುಂದಿನ ಬರಿ ನೆಲ

ದೇವನಹಳ್ಳಿ ಕೋಟೆಯೊಳಗೆ ರವಿಚಂದ್ರನ ಮನೆಯಲ್ಲೇ ನಮ್ಮ ಕಿರುಚಿತ್ರ ತೆಗೆದೆವು. ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದ ಅವನೇ ನಟ. ಚಿತ್ರದುದ್ದಕ್ಕೂ ಅವನ ದನಿ, "ನನ್ ಹೆಂಡ್ತಿ ಒಳಗೆ ಮಲಗಿದಾಳೆ" ಎನ್ನುತ್ತದೆ. ಅದು ಸುಳ್ಳು, ಅವಳು ಸತ್ತಿದ್ದಾಳೆ ಎಂದು ಯಾರ ಬಾಯಲ್ಲೂ ಹೇಳಿಸಲಿಲ್ಲ. ಸೂತಕದ ಮನೆ ಮುಂದೆ ರಂಗೋಲಿ ಹಾಕುವುದಿಲ್ಲವಲ್ಲ. ಕಣ್ಣಿಟ್ಟು ನೋಡುವವರಿಗೆ ಆ ಸುಳಿವು ಸಿಗಲೆಂದು ಪ್ರತಿ ಶಾಟಿನ ಅಂಚಿನಲ್ಲೂ ಹೊಸಿಲ ಮುಂದಿನ ಬರಿ ನೆಲ ಕಾಣುವಂತೆ ಕ್ಯಾಮೆರಾ ಇಟ್ಟಿದ್ದೆ.

ಎಡಿಟಿಂಗಿಗೆ ಕೂತಾಗ ಮೊದಲ ಶಾಟಿನಲ್ಲೇ ಆ ನೆಲದ ಮೇಲೆ ಚುಕ್ಕಿಗಳಿದ್ದವು. ಮುಂದಿನದರಲ್ಲಿ ಎಳೆಗಳು. ಕೊನೆಯದರಲ್ಲಿ ರಂಗೋಲಿ ಪೂರ್ತಿಯಾಗಿತ್ತು, ಸುತ್ತಲಿನ ನೆಲ ಆಗಷ್ಟೇ ನೀರು ಹಾಕಿದಂತೆ ಒದ್ದೆ.

ರವಿಚಂದ್ರನನ್ನು ಕರೆಸಿ ತೋರಿಸಿದೆ.

"ಅವಳೇ ಹಾಕೋ ರಂಗೋಲಿ ಗುರು ಇದು," ಎಂದ.

ಚಿತ್ರ ಹಾಗೇ ಇದೆ. ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನಲು ಈಗ ಅದರಲ್ಲಿ ಒಂದೂ ಸುಳಿವಿಲ್ಲ.